ಗೋವಿನಜೋಳದ ಸುಳಿಯಲ್ಲಿ ಹುಳ: ಎರಡನೇ ಸಿಂಪಡಣೆಗೆ ಮುನ್ನ ಏನು ನೋಡಬೇಕು?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕು, ಎರಡೂವರೆ ಎಕರೆ ಗೋವಿನಜೋಳ, ಇವತ್ತಿಗೆ 22 ದಿನದ ಬೆಳೆ. ಸುಳಿಯೊಳಗೆ ಹುಳ ಬಿದ್ದು ಎಲೆಯೆಲ್ಲ ತೂತಾಗಿದೆ. ಐದು ದಿನದ ಹಿಂದೆ ಎಮಾಮೆಕ್ಟಿನ್ ಬೆಂಜೊಯೇಟ್ ಹೊಡೆಸಿದೆ, ಹುಳ ಇನ್ನೂ ಇದೆ. ಅಂಗಡಿಯವರು ಈಗ ಎರಡು ಔಷಧಿ ಕೂಡಿಸಿ ಡಬಲ್ ಡೋಸ್ ಹೊಡೆಯಿರಿ ಅನ್ನುತ್ತಿದ್ದಾರೆ. ಮನೆಯಲ್ಲಿ ಎರಡು ಎಮ್ಮೆ ಇವೆ, ಸಾಲಿನಲ್ಲಿ ಕಿತ್ತ ಹೆಚ್ಚಿನ ಸಸಿಗಳನ್ನು ಅವಕ್ಕೇ ಹಾಕುತ್ತೇವೆ. ಏನು ಮಾಡಲಿ ಸರ್?

ಉತ್ತರ:

ಅಂಗಡಿಗೆ ಹೋಗುವುದನ್ನು ಒಂದು ದಿನ ಮುಂದಕ್ಕೆ ಹಾಕಿ, ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗಿ ಎಂಬುದು ನನ್ನ ಮೊದಲ ಸಲಹೆ. ನಿಮ್ಮ ಮೊದಲ ಸಿಂಪಡಣೆ ನಿಜವಾಗಿಯೂ ವಿಫಲವಾಗಿದೆಯೇ, ಅಥವಾ ಕೆಲಸ ಮಾಡಿದ್ದರೂ ಮಾಡಿಲ್ಲವೆಂದು ಕಾಣುತ್ತಿದೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ಇವೆರಡಕ್ಕೂ ಮುಂದಿನ ದಾರಿ ಬೇರೆ ಬೇರೆ, ಮತ್ತು ಯಾವುದೆಂದು ಹೇಳುವ ಗುರುತು ಹುಳದ ಮೈಯಲ್ಲೇ ಇದೆ.

ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಫಾಲ್ ಸೈನಿಕ ಹುಳುವೇ ಇರುವ ಸಾಧ್ಯತೆ ಹೆಚ್ಚು. ಆದರೂ ಚಿತ್ರವಿಲ್ಲದೆ ಖಚಿತವಾಗಿ ಹೇಳಲಾರೆ. ಸ್ವಲ್ಪ ಬಲಿತ ಹುಳವೊಂದನ್ನು ಅಂಗೈಯ ಮೇಲಿಟ್ಟು ನೋಡಿ. ತಲೆಯ ಮುಂಭಾಗದಲ್ಲಿ ತಲೆಕೆಳಗಾಗಿ ಬರೆದ ಇಂಗ್ಲಿಷಿನ ವೈ ಅಕ್ಷರದಂತೆ ಬಿಳಿ ಗೆರೆ ಇರಬೇಕು, ಮತ್ತು ಬಾಲದ ಕಡೆ, ಕೊನೆಯ ಖಂಡಕ್ಕಿಂತ ಹಿಂದಿನ ಖಂಡದ ಬೆನ್ನ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಚೌಕದ ನಾಲ್ಕು ಮೂಲೆಗಳಂತೆ ಕೂತಿರಬೇಕು. ಎರಡೂ ಇದ್ದರೆ ಅನುಮಾನ ಬೇಡ. ಎಲೆಗೆ ಅಡ್ಡಲಾಗಿ ಗುಂಡುಸೂಜಿಯಿಂದ ಚುಚ್ಚಿದಂತೆ ಒಂದೇ ಸಾಲಿನಲ್ಲಿ ಸಣ್ಣ ತೂತುಗಳು ಮಾತ್ರ ಇದ್ದು, ನಡುಸುಳಿ ಒಣಗಿ ಎಳೆದರೆ ಸುಲಭವಾಗಿ ಕೈಗೆ ಬರುತ್ತಿದ್ದರೆ ಅದು ಕಾಂಡ ಕೊರಕದ ಕೆಲಸವಿರಬಹುದು. ಸೈನಿಕ ಹುಳುವಿನ ಗಾಯ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಎಲೆ ಹರಿದ ಬಟ್ಟೆಯಂತಾಗಿರುತ್ತದೆ, ಸುಳಿಯ ಬಾಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿರುತ್ತದೆ.

ಈ ಹುಳು ನಮ್ಮ ಹಿರಿಯರು ಕಂಡಿದ್ದ ಹಳೆಯ ಲದ್ದಿ ಹುಳುವಲ್ಲ. ಮೂಲತಃ ಅಮೆರಿಕ ಖಂಡಗಳದ್ದಾದ ಇದು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಿನಲ್ಲಿ, ನಿಮ್ಮ ಪಕ್ಕದ ಶಿವಮೊಗ್ಗ ಭಾಗದ ಗೋವಿನಜೋಳದ ಹೊಲಗಳಲ್ಲಿ. ಗುರುತಿಸಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಆ ವರ್ಷ ಬಹಳ ಕಡೆ ಇದನ್ನು ಹಳೆಯ ಹುಳುವೆಂದೇ ತಿಳಿದು, ಹಳೆಯ ಔಷಧಿಯನ್ನೇ ಹಳೆಯ ರೀತಿಯಲ್ಲಿ ಮೇಲಿನಿಂದ ಎರಚಿದರು. ಹಳೆಯ ಸೈನಿಕ ಹುಳು ಹಗಲಿನಲ್ಲಿ ಮಣ್ಣಿನ ಹೆಂಟೆಯ ಕೆಳಗೂ ಅಡಗುತ್ತದೆ, ಇದು ಸುಳಿಯೊಳಗೇ ಮನೆ ಮಾಡುತ್ತದೆ. ಎರಡನೇ ಸಿಂಪಡಣೆಯ ಲೆಕ್ಕವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಪತಂಗವು ಎಲೆಯ ಮೇಲೆ ನೂರು ಇನ್ನೂರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ಬೂದುಬಣ್ಣದ ರೋಮದಿಂದ ಮುಚ್ಚುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆದು ಹೊರಬರುವ ಮರಿ ಎರಡು ಮಿಲಿಮೀಟರೂ ಇರುವುದಿಲ್ಲ. ಅದು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುವುದರಿಂದ ಎಲೆಯ ಮೇಲೆ ತೆಳುವಾದ ಬಿಳಿ ಪೊರೆಯ ಕಲೆ ಉಳಿಯುತ್ತದೆ, ತೂತು ಬೀಳುವುದಿಲ್ಲ. ನಿಮ್ಮ ಕಡೆ ಮುಂಗಾರಿನ ಹವೆಯಲ್ಲಿ ಐದು ದಿನ ತುಂಬುವ ಹೊತ್ತಿಗೆ ಅದು ಸುಮಾರು ಆರು ಮಿಲಿಮೀಟರಿಗೆ, ಅಂದರೆ ಒಂದು ಅಕ್ಕಿಕಾಳಿನ ಉದ್ದಕ್ಕೆ ಬಂದಿರುತ್ತದೆ. ಆಮೇಲೆ ಸುಳಿಯೊಳಗೆ ಇಳಿಯುತ್ತದೆ, ಒಂದು ಸೆಂಟಿಮೀಟರು ದಾಟುತ್ತದೆ, ಬಲಿತಾಗ ಮೂರರಿಂದ ನಾಲ್ಕು ಸೆಂಟಿಮೀಟರು ಆಗುತ್ತದೆ. ಅದು ತನ್ನ ಜೀವನದಲ್ಲಿ ತಿನ್ನುವ ಎಲೆಯಲ್ಲಿ ಬಹುಪಾಲನ್ನು ತಿನ್ನುವುದು ಈ ಕೊನೆಯ ಕೆಲವೇ ದಿನಗಳಲ್ಲಿ. ಹುಳುವಿನ ಅವಸ್ಥೆ ಎರಡು ಮೂರು ವಾರಕ್ಕೆ ಮುಗಿದು, ಅದು ಮಣ್ಣಿಗಿಳಿದು ಕೋಶವಾಗುತ್ತದೆ. ದೊಡ್ಡ ಹುಳ ಚಿಕ್ಕದನ್ನು ತಿಂದುಹಾಕುವುದರಿಂದ ಒಂದು ಸುಳಿಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ದೊಡ್ಡ ಹುಳುಗಳು ಮಾತ್ರ ಸಿಗುತ್ತವೆ.

ಈಗ ನಿಮ್ಮ ಹೊಲದ ವಿಷಯಕ್ಕೆ ಬರುತ್ತೇನೆ. ಔಷಧಿ ಹೊಡೆದು ಐದು ದಿನವಾಗಿದೆ. ನಾಳೆ ಸುಳಿ ಬಿಡಿಸಿ ನೋಡಿದಾಗ ಸಿಗುವ ಹುಳುಗಳೆಲ್ಲ ಅಕ್ಕಿಕಾಳಿಗಿಂತ ಚಿಕ್ಕವಾಗಿದ್ದರೆ, ಅವು ಸಿಂಪಡಣೆಯ ನಂತರ ಮೊಟ್ಟೆಯೊಡೆದು ಬಂದ ಹೊಸ ಮರಿಗಳು. ನಿಮ್ಮ ಔಷಧಿ ತನ್ನ ಕೆಲಸ ಮಾಡಿದೆ. ಒಂದೂವರೆ ಎರಡು ಸೆಂಟಿಮೀಟರಿನ ಹುಳುಗಳು ಜೀವಂತವಾಗಿ, ಮುಟ್ಟಿದರೆ ಚುರುಕಾಗಿ ಹೊರಳುತ್ತಿದ್ದರೆ, ಅವು ಸಿಂಪಡಣೆಯ ದಿನ ಸುಳಿಯೊಳಗೇ ಇದ್ದು ಔಷಧಿ ತಾಗದೆ ಉಳಿದವು. ಎರಡೂ ಬಗೆಯವು ಸಿಕ್ಕರೆ ಯಾವುದು ಹೆಚ್ಚು ಎಂದು ಬರೆದುಕೊಳ್ಳಿ.

ಎಲೆಯ ತೂತನ್ನು ನೋಡಿ ತೀರ್ಮಾನಿಸಬೇಡಿ ಎಂದು ಹೇಳಲು ಕಾರಣವಿದೆ. ಸುಳಿಯಲ್ಲಿ ಎಲೆಗಳು ಸುರುಳಿ ಸುತ್ತಿಕೊಂಡಿರುವಾಗ ಹುಳ ಒಂದು ಕಡೆ ಕೊರೆದರೆ ನಾಲ್ಕೈದು ಮಡಿಕೆಗಳಿಗೆ ಒಟ್ಟಿಗೇ ತೂತು ಬೀಳುತ್ತದೆ. ಆ ಎಲೆ ಬಿಚ್ಚಿಕೊಂಡು ಹೊರಗೆ ಬರುವುದು ಹಲವು ದಿನಗಳ ನಂತರ. ಹೀಗಾಗಿ ಹುಳ ಸತ್ತ ಮೇಲೂ ಒಂದು ವಾರ ಹೊಸ ಎಲೆಗಳು ತೂತಾಗಿಯೇ ಹೊರಬರುತ್ತವೆ, ರೈತರು ಅದನ್ನು ಕಂಡು ಮತ್ತೆ ಪಂಪು ಹೆಗಲಿಗೇರಿಸುತ್ತಾರೆ. 2018ರಲ್ಲಿ ನನ್ನ ತಮ್ಮನ ಹೊಲದಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ, ಅದೂ ಕೀಟಶಾಸ್ತ್ರ ಓದಿದ ಮೇಲೆ. ನೋಡಬೇಕಾದದ್ದು ಹಿಕ್ಕೆಯನ್ನು. ಸುಳಿಯ ಹಿಕ್ಕೆ ಒದ್ದೆಯಾಗಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಹಸಿರು ಕಂದಾಗಿ ಅಂಟಿದರೆ ಒಳಗೆ ಹುಳ ತಿನ್ನುತ್ತಿದೆ. ಒಣಗಿ ಪುಡಿಯಾಗಿ ಉದುರಿದರೆ ಅದು ಹಳೆಯದು.

ಎಣಿಸುವ ಕ್ರಮ ಹೀಗೆ. ಬದುವಿನ ಅಂಚಿನ ನಾಲ್ಕೈದು ಸಾಲು ಬಿಟ್ಟು ಒಳಗೆ ಹೋಗಿ, ಅಂಕುಡೊಂಕಾಗಿ ನಡೆಯುತ್ತ ಹೊಲದ ಐದು ಕಡೆ ನಿಲ್ಲಿ. ನಿಂತಲ್ಲೆಲ್ಲ ಒಂದೇ ಸಾಲಿನ ಇಪ್ಪತ್ತು ಗಿಡಗಳನ್ನು ಬಿಡದೆ ನೋಡಿ. ಚೆನ್ನಾಗಿರುವುದನ್ನೋ ಕೆಟ್ಟಿರುವುದನ್ನೋ ಆರಿಸಿಕೊಳ್ಳಬಾರದು. ಒಟ್ಟು ನೂರು ಗಿಡ ಆಗುವುದರಿಂದ ಸಿಕ್ಕ ಸಂಖ್ಯೆಯೇ ಶೇಕಡಾವಾರು. ಹೊಸ ಹಿಕ್ಕೆ, ಜೀವಂತ ಹುಳ ಅಥವಾ ಹೊಸ ಬಿಳಿ ಪೊರೆಯ ಕಲೆ ಇರುವ ಗಿಡಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಎರಡೂವರೆ ಎಕರೆಗೆ ಒಂದು ಗಂಟೆ ಸಾಕು.

ಎಣಿಕೆಯಲ್ಲಿ ಐದಕ್ಕಿಂತ ಕಡಿಮೆ ಬಂದರೆ ಸದ್ಯಕ್ಕೆ ಏನೂ ಹೊಡೆಯಬೇಡಿ. ಮೊಟ್ಟೆಯ ಗುಂಪು ಕಂಡಲ್ಲಿ ಎಲೆಯ ಮೇಲೇ ಉಜ್ಜಿ ಹಾಕಿ, ಹುಳ ಸಿಕ್ಕರೆ ಹಿಸುಕಿ, ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ. ಐದರಿಂದ ಹತ್ತರ ಒಳಗಿದ್ದು ಮರಿಗಳೇ ಹೆಚ್ಚಿದ್ದರೆ 1500 ಪಿಪಿಎಂ ಬೇವಿನ ಕೀಟನಾಶಕವನ್ನು ಲೀಟರಿಗೆ 5 ಮಿಲಿಯಂತೆ ಸುಳಿಗೆ ಬೀಳುವಂತೆ ಹೊಡೆಯಬಹುದು. ಬೇವು ಮರಿಗಳಿಗೆ ತಾಗುತ್ತದೆ, ಬಲಿತ ಹುಳುವಿನ ಮೇಲೆ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಹತ್ತು ದಾಟಿ ಇಪ್ಪತ್ತರ ಕಡೆಗೆ ಹೋದರೆ, ಅದರಲ್ಲೂ ದೊಡ್ಡ ಹುಳುಗಳೇ ಕಂಡರೆ, ರಾಸಾಯನಿಕ ಔಷಧಿ ಬೇಕಾಗುತ್ತದೆ. ಈ ಗೆರೆಗಳು ಕಲ್ಲಿನ ಮೇಲೆ ಕೊರೆದವಲ್ಲ. ಮಳೆ ಬಂದು ಗಿಡ ಹುರುಪಾಗಿ ಬೆಳೆಯುತ್ತಿದ್ದರೆ ಸ್ವಲ್ಪ ಕಾಯಬಹುದು. ತೇವವಿಲ್ಲದೆ ಗಿಡ ಸೊರಗಿದ್ದರೆ ಬೇಗ ನಿರ್ಧರಿಸಬೇಕು. 22 ದಿನದ ಗೋವಿನಜೋಳದ ಬೆಳೆಯುವ ಮೊಗ್ಗು ಇನ್ನೂ ನೆಲದ ಮಟ್ಟಕ್ಕೆ ಹತ್ತಿರವೇ ಇರುವುದರಿಂದ, ಮೇಲಿನ ಎಲೆ ಹರಿದಿರುವಷ್ಟು ಪ್ರಮಾಣದಲ್ಲಿ ತೆನೆ ನಷ್ಟವಾಗುವುದಿಲ್ಲ. ಹೊಲದ ನೋಟಕ್ಕೆ ಹೆದರಿ ಡೋಸ್ ಹೆಚ್ಚಿಸುವ ಅಗತ್ಯವಿಲ್ಲ ಎಂಬುದಕ್ಕಾಗಿ ಇದನ್ನು ಹೇಳುತ್ತಿದ್ದೇನೆ.

ನಿಮ್ಮ ಎಣಿಕೆಯಲ್ಲಿ ನೂರಕ್ಕೆ ಇಪ್ಪತ್ನಾಲ್ಕು ಬಂದಿತು, ಅದರಲ್ಲಿ ಹದಿನೈದು ಗಿಡಗಳಲ್ಲಿ ಒಂದೂವರೆ ಸೆಂಟಿಮೀಟರಿನ ಹುಳ ಸಿಕ್ಕಿತು ಎಂದು ಇಟ್ಟುಕೊಳ್ಳೋಣ. ಹಾಗಾದರೆ ಮೊದಲ ಸಿಂಪಡಣೆ ತಪ್ಪಿದೆ. ಆದರೆ ತಪ್ಪಿದ್ದು ಔಷಧಿಯೇ ಎಂದು ಹೇಳುವ ಮುನ್ನ ಮೂರು ಪ್ರಶ್ನೆಗಳಿಗೆ ನೀವೇ ಉತ್ತರ ಕೊಟ್ಟುಕೊಳ್ಳಬೇಕು. ಎಷ್ಟು ಹೊತ್ತಿಗೆ ಹೊಡೆಸಿದಿರಿ? ಬಿಸಿಲೇರಿದ ಮೇಲೆ ಹುಳ ಸುಳಿಯ ತಳಕ್ಕೆ ಇಳಿದಿರುತ್ತದೆ, ಅದರ ಮೇಲೆ ಅದರ ಹಿಕ್ಕೆಯೇ ಬಿರಡೆಯಂತೆ ಕೂತಿರುತ್ತದೆ. ಸಂಜೆಯ ತಂಪಿನಲ್ಲಿ ಅದು ಮೇಲೆ ಬಂದು ತಿನ್ನುತ್ತದೆ. ಎಕರೆಗೆ ಎಷ್ಟು ಕ್ಯಾನು ಆಯಿತು? ಗುತ್ತಿಗೆಗೆ ಹೊಡೆಯುವವರು ಎಕರೆಗೆ ಐದಾರು ಕ್ಯಾನಿನಲ್ಲಿ ಮುಗಿಸಿಬಿಡುವುದನ್ನು ನಾನು ಕಂಡಿದ್ದೇನೆ, ಅಷ್ಟು ನೀರಿನಲ್ಲಿ ಎಲೆ ಒದ್ದೆಯಾಗುತ್ತದೆಯೇ ಹೊರತು ಸುಳಿ ತುಂಬುವುದಿಲ್ಲ. ಹೊಡೆದ ಮೇಲೆ ಒಂದೆರಡು ಗಂಟೆಯೊಳಗೆ ಜೋರು ಮಳೆ ಬಂದಿತ್ತೇ? ಹೊಡೆದದ್ದು ಬಿಸಿಲಿನಲ್ಲಿ, ನೀರು ಕಡಿಮೆಯಾಗಿತ್ತು, ಮಳೆ ಬಂದಿತ್ತು, ಈ ಮೂರರಲ್ಲಿ ಒಂದಾದರೂ ನಿಜವಾಗಿದ್ದರೆ ಎರಡು ಔಷಧಿ ಕೂಡಿಸಿದರೂ ಅದೇ ಗತಿ.

ಅಂಗಡಿಯವರ ಸಲಹೆಯನ್ನು ಒಪ್ಪಬೇಡಿ ಎನ್ನಲು ಇನ್ನೂ ಕಾರಣಗಳಿವೆ. ಎರಡು ಕೀಟನಾಶಕಗಳನ್ನು ಮನಸ್ಸಿಗೆ ಬಂದಂತೆ ಕೂಡಿಸಿದಾಗ ಸಿಂಪಡಿಸುವವರ ಮೈಗೆ ತಾಗುವ ವಿಷ ಹೆಚ್ಚುತ್ತದೆ, ಎಲೆ ಸುಡಬಹುದು, ಮತ್ತು ಉಳಿದ ಹುಳುಗಳು ಎರಡೂ ಔಷಧಿಗೆ ಒಗ್ಗಿಕೊಳ್ಳುವ ಅವಕಾಶ ಸಿಗುತ್ತದೆ. ಡಬಲ್ ಡೋಸ್ ಹುಳುವನ್ನು ಎರಡು ಪಟ್ಟು ಕೊಲ್ಲುವುದಿಲ್ಲ, ಆದರೆ ಮೊಟ್ಟೆಯೊಳಗೇ ಮೊಟ್ಟೆಯಿಟ್ಟು ಈ ಹುಳುವನ್ನು ಹುಟ್ಟುವ ಮುನ್ನವೇ ಕೊಲ್ಲುವ ಪುಟ್ಟ ಕಣಜಗಳನ್ನು ಪೂರ್ತಿ ತೆಗೆದುಬಿಡುತ್ತದೆ. ಎಣಿಸುವಾಗ ಎಲೆಗೆ ಅಂಟಿಕೊಂಡು ಸೆಟೆದು ಸತ್ತ, ಮೈಮೇಲೆ ಸುಣ್ಣ ಬಳಿದಂತೆ ಬೆಳ್ಳಗಾದ, ಆಮೇಲೆ ತಿಳಿಹಸಿರು ಪುಡಿ ಬರುವ ಹುಳುಗಳೇನಾದರೂ ಕಂಡರೆ ಅವುಗಳನ್ನು ಬೇರೆಯಾಗಿ ಬರೆದುಕೊಳ್ಳಿ. ಅದು ಶಿಲೀಂಧ್ರ ರೋಗ, ಮೋಡ ಮಳೆಯ ದಿನಗಳಲ್ಲಿ ತಾನಾಗಿಯೇ ಬಂದು ಹುಳುವನ್ನು ಕೊಲ್ಲುತ್ತದೆ. ಅಂಥವು ನಾಲ್ಕಾರು ಸಿಕ್ಕರೆ ನಾನಾದರೆ ಕೈಗೆ ಪಂಪು ತೆಗೆದುಕೊಳ್ಳುವ ಮುನ್ನ ಎರಡು ದಿನ ಕಾಯುತ್ತೇನೆ.

ಹೊಡೆಯಲೇಬೇಕೆಂದಾದರೆ ಎಮಾಮೆಕ್ಟಿನನ್ನೇ ಮತ್ತೆ ಬಳಸದೆ ಬೇರೆ ಗುಂಪಿನ ಒಂದೇ ಔಷಧಿಯನ್ನು ಆರಿಸಿಕೊಳ್ಳಿ. ಈ ಹುಳುವಿಗೆ ಸಾಮಾನ್ಯವಾಗಿ ಶಿಫಾರಸಿನಲ್ಲಿರುವುದು ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ, ಲೀಟರಿಗೆ 0.4 ಮಿಲಿ, ಅಥವಾ ಸ್ಪಿನೆಟೊರಾಮ್ 11.7 ಎಸ್‌ಸಿ, ಲೀಟರಿಗೆ 0.5 ಮಿಲಿ. ಡಬ್ಬಿಯ ಮೇಲಿನ ಕಂಪನಿಯ ಹೆಸರನ್ನು ನೋಡಿ ಕೊಳ್ಳಬೇಡಿ, ಒಳಗಿನ ರಾಸಾಯನಿಕದ ಹೆಸರು ಮತ್ತು ಪ್ರಮಾಣವನ್ನು ಓದಿ. ಲೇಬಲ್ಲಿನಲ್ಲಿ ಮೆಕ್ಕೆಜೋಳದ ಹೆಸರಿದೆಯೇ ನೋಡಿ, ಅವಧಿ ಮೀರಿಲ್ಲವೇ ನೋಡಿ, ಬಿಲ್ಲು ತೆಗೆದುಕೊಳ್ಳಿ. ನಾನು ಬರೆದ ಅಳತೆಗೂ ಲೇಬಲ್ಲಿಗೂ ವ್ಯತ್ಯಾಸ ಕಂಡರೆ ಲೇಬಲ್ಲನ್ನೇ ಅನುಸರಿಸಬೇಕು.

ಅಳತೆಯಲ್ಲಿ ಎಡವುವವರೇ ಹೆಚ್ಚಾದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಎಕರೆಗೆ 200 ಲೀಟರು ನೀರು ಎಂದರೆ 16 ಲೀಟರಿನ ಕ್ಯಾನು ಹನ್ನೆರಡೂವರೆ ಸಲ ತುಂಬಬೇಕು. ಕ್ಲೋರಾಂಟ್ರಾನಿಲಿಪ್ರೋಲ್ ಎಕರೆಗೆ 80 ಮಿಲಿ, ಕ್ಯಾನಿಗೆ 6.4 ಮಿಲಿ ಬರುತ್ತದೆ. ಮುಚ್ಚಳದಲ್ಲಿ 6.4 ಮಿಲಿ ಅಳೆಯುವುದು ಆಗದ ಮಾತು. ಒಂದು ಬಕೆಟ್ಟಿನಲ್ಲಿ ಔಷಧಿಯೂ ಸೇರಿ ಎರಡೂವರೆ ಲೀಟರು ಆಗುವಂತೆ 80 ಮಿಲಿಯನ್ನು ನೀರಿನಲ್ಲಿ ಕಲಸಿಟ್ಟುಕೊಳ್ಳಿ, ಪ್ರತಿ ಸಲ ಚೆನ್ನಾಗಿ ಕದಡಿ ಕ್ಯಾನಿಗೆ 200 ಮಿಲಿಯಂತೆ ಹಾಕಿ. ಹನ್ನೆರಡೂವರೆ ಕ್ಯಾನಿಗೆ ಸರಿಯಾಗಿ ಮುಗಿಯುತ್ತದೆ. ನಿಮ್ಮ ಎರಡೂವರೆ ಎಕರೆಗೆ ಒಟ್ಟು 200 ಮಿಲಿ ಔಷಧಿ, ಸುಮಾರು ಮೂವತ್ತೊಂದು ಕ್ಯಾನು. ಆ ಬಕೆಟ್ಟನ್ನು ಮತ್ತೆ ದನದ ನೀರಿಗೆ ಬಳಸಬಾರದು.

ಸಂಜೆ ನಾಲ್ಕೂವರೆಯ ಮೇಲೆ, ಗಾಳಿ ತಗ್ಗಿದಾಗ ಆರಂಭಿಸಿ. ನಾಜಲ್ಲನ್ನು ಪಕ್ಕಕ್ಕೆ ಬೀಸದೆ ಪ್ರತಿ ಗಿಡದ ಸುಳಿಯ ಮೇಲೆ ನೇರವಾಗಿ ಕೆಳಮುಖ ಹಿಡಿದು, ಸುಳಿಯ ಬಾಯಲ್ಲಿ ದ್ರಾವಣ ನಿಂತು ಒಳಗೆ ಇಳಿಯುವುದು ಕಾಣುವವರೆಗೆ ನಿಲ್ಲಿ. ಇದು ನಿಧಾನದ ಕೆಲಸ, ಎರಡು ಸಂಜೆ ಹಿಡಿಯಬಹುದು. ಸಿಂಪಡಿಸುವವರು ಕೈಗವಸು, ಮಾಸ್ಕು, ತುಂಬುತೋಳಿನ ಅಂಗಿ ಹಾಕಿಕೊಳ್ಳಲಿ, ಗಾಳಿಗೆ ಎದುರಾಗಿ ನಡೆಯದಿರಲಿ, ಮುಗಿದ ಕೂಡಲೇ ಸೋಪಿನಿಂದ ಸ್ನಾನ ಮಾಡಲಿ. ತಲೆಸುತ್ತು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

ಮೂರನೇ ಅಥವಾ ನಾಲ್ಕನೇ ದಿನ ಮತ್ತೆ ಅದೇ ರೀತಿ ನೂರು ಗಿಡ ಎಣಿಸಿ. ಈ ಔಷಧಿ ತಾಗಿದ ಹುಳ ಮೊದಲು ತಿನ್ನುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ತೆಗೆದುಕೊಳ್ಳಬಹುದು. ಆದ್ದರಿಂದ ಮರುದಿನ ಬೆಳಿಗ್ಗೆ ಹುಳ ಕಂಡಿತೆಂದು ಗಾಬರಿಯಾಗಬೇಡಿ. ಹೊಸ ಹಿಕ್ಕೆ ನಿಂತಿದ್ದರೆ ಸಾಕು. ಗಿಡ ಸೂಲಂಗಿ ಒಡೆಯುವ ಹಂತಕ್ಕೆ ಬಂದ ಮೇಲೆ ಸಿಂಪಡಣೆಯಿಂದ ಪ್ರಯೋಜನ ಕಡಿಮೆ, ಆಗ ಕಂಡ ಹುಳುವನ್ನು ಕೈಯಿಂದ ಆರಿಸುವುದೇ ಮೇಲು.

ಎಮ್ಮೆಗಳ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ಐದು ದಿನದ ಹಿಂದೆ ಹೊಡೆದಿರುವ ಹೊಲದಿಂದ ಕಿತ್ತ ಸಸಿಗಳನ್ನು ಈಗ ಹಾಕಬೇಡಿ, ಈಗಾಗಲೇ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಎಷ್ಟು ದಿನದ ನಂತರ ಮೇವಿಗೆ ಬಳಸಬಹುದು ಎಂಬುದು ಔಷಧಿಯಿಂದ ಔಷಧಿಗೆ ಬೇರೆಯಾಗುವುದರಿಂದ, ಲೇಬಲ್ಲಿನಲ್ಲಿ ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನು ನೋಡಿ ಪಶುವೈದ್ಯರನ್ನು ಕೇಳಿಯೇ ಹಾಕಿ. ಹಾಲು ಕರೆಯುವ ಎಮ್ಮೆಯಾದರೆ ಇನ್ನೂ ಎಚ್ಚರ ಬೇಕು. ಸಾಲು ತೆಳುಗೊಳಿಸುವ ಕೆಲಸವನ್ನು ಮುಂದಿನ ವರ್ಷದಿಂದ ಔಷಧಿಗೆ ಮೊದಲೇ ಮುಗಿಸಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಯಾರಾದರೂ ನಿಮಗೆ ವಿಷಪಾಷಾಣದ ವಿಧಾನವನ್ನೂ ಹೇಳಬಹುದು. ಹತ್ತು ಕಿಲೋ ಅಕ್ಕಿ ತೌಡಿಗೆ ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರು ನೀರು ಬೆರೆಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಮುನ್ನ ಕೀಟನಾಶಕ ಸೇರಿಸಿ ಸುಳಿಗೆ ಚಿಟಿಕೆ ಚಿಟಿಕೆ ಉದುರಿಸುವುದು ಆ ಕ್ರಮ. ಬಲಿತ ಹುಳುವಿಗೆ ಅದು ಕೆಲಸ ಮಾಡುತ್ತದೆ, ಶಿಫಾರಸಿನಲ್ಲಿಯೂ ಇದೆ. ಆದರೆ ತೌಡು ಬೆಲ್ಲದ ವಾಸನೆ ಹುಳುವಿಗಿಂತ ಮೊದಲು ಎಮ್ಮೆಗೆ, ನಾಯಿಗೆ, ಕೋಳಿಗೆ ಸಿಗುತ್ತದೆ. ಅದರಲ್ಲಿ ಹಾಕುವ ಔಷಧಿಯ ಹೆಸರು ಅಳತೆಗಳನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ದನಕರು ಅಡ್ಡಾಡುವ ಹೊಲವಾದ್ದರಿಂದ ತಜ್ಞರು ಹೊಲ ನೋಡಿ ಹೇಳದ ಹೊರತು ಅದಕ್ಕೆ ಕೈ ಹಾಕಬೇಡಿ.

ಕೊನೆಯದಾಗಿ, ದೂರದಿಂದ ಓದಿ ಬರೆದ ಸಲಹೆಗೆ ಒಂದು ಮಿತಿಯಿದೆ, ಹೊಲವನ್ನು ಕಣ್ಣಾರೆ ಕಂಡವರ ಮಾತು ಇದಕ್ಕಿಂತ ಮೇಲು. ನಿಮ್ಮ ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ನಾಳೆ ಎಣಿಕೆ ಮುಗಿದ ಮೇಲೆ ಹಿಕ್ಕೆ ಇರುವ ಸುಳಿಯ ಸಮೇತ ಎರಡು ಗಿಡ, ನಾಲ್ಕೈದು ಜೀವಂತ ಹುಳ, ಹೊಡೆದ ಔಷಧಿಯ ಖಾಲಿ ಪೊಟ್ಟಣ ಅಥವಾ ಅದರ ಚಿತ್ರ, ಎಣಿಕೆ ಬರೆದ ಚೀಟಿ ಇಷ್ಟನ್ನೂ ತೆಗೆದುಕೊಂಡು ಅಲ್ಲಿನ ಸಸ್ಯ ಸಂರಕ್ಷಣಾ ವಿಭಾಗದವರನ್ನು ಕಾಣಿ. ಹುಳುಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿದರೆ ಅಲ್ಲಿಗೆ ತಲುಪುವಷ್ಟರಲ್ಲಿ ಒಂದು ಇನ್ನೊಂದನ್ನು ತಿಂದಿರುತ್ತದೆ, ಬೇರೆ ಬೇರೆ ಕಡೆ ಇಡಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ. ಅಷ್ಟು ದೂರ ಹೋಗಲಾಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಅಥವಾ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ. ಕರೆಗೆ ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಣಿಕೆಯಲ್ಲಿ ಎಷ್ಟು ಬಂತು, ಹುಳುಗಳ ಉದ್ದ ಎಷ್ಟಿತ್ತು ಎಂದು ಇಲ್ಲಿಯೂ ಬರೆದರೆ ನಾನು ಮತ್ತೊಮ್ಮೆ ನೋಡಿ ಹೇಳುತ್ತೇನೆ.